ಭಾನುವಾರದ ಗಣಿತಕ್ಕೆ ಬಾರದವರ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸರ್ಕಾರಿ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ ದೀಪಾವಳಿ ಮುಗಿಯುವ ಹೊತ್ತಿಗೆ ಒಂದು ಬಗೆಯ ಪತ್ರ ಬಂದರೆ ಆಶ್ಚರ್ಯವೇನಿಲ್ಲ. ಈಗದು ಲಕೋಟೆಯಲ್ಲಲ್ಲ, ವಾಟ್ಸ್‌ಆ್ಯಪ್‌ನಲ್ಲಿ. 'ಮಾನ್ಯರೇ, ತಮ್ಮ ಶಾಲೆಯ ಹತ್ತನೇ ತರಗತಿ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಗಣಿತ ಕೋಚಿಂಗ್ ಕೊಡಲು ಸಿದ್ಧರಿದ್ದೇವೆ. ಒಂದು ಕೊಠಡಿ, ಬೋರ್ಡು ಒದಗಿಸಿದರೆ ಸಾಕು.' ಬರೆದವರು ಬಿ.ಎಡ್. ಮುಗಿಸಿ ನೇಮಕಾತಿಗೆ ಕಾದಿರುವವರಿರಬಹುದು, ಊರಿನ ಯುವಕ ಸಂಘದವರಿರಬಹುದು, ಶುಲ್ಕದ ಮಾತನ್ನು ಕೊನೆಯ ಸಾಲಿಗೆ ತಳ್ಳಿದ ಟ್ಯೂಷನ್‌ನವರೂ ಇರಬಹುದು. ಇಂಥ ಪತ್ರವನ್ನು ಬಂದ ರೂಪದಲ್ಲೇ ಒಪ್ಪಬಾರದು. ಕಾರಣ ಶುಲ್ಕವಲ್ಲ.

ಆದರೆ ಚರ್ಚೆ ಮಾತ್ರ ಪ್ರತಿ ಸಲವೂ ಶುಲ್ಕ, ಅನುಮತಿಗಳಲ್ಲೇ ಸುತ್ತುತ್ತದೆ. ಬಿಇಒ ಒಪ್ಪಿದರೆ? ಎಸ್‌ಡಿಎಂಸಿ ನಿರ್ಣಯ ಬೇಕೆ? ಬೀಗದ ಕೈ ಯಾರ ಬಳಿ ಇರಬೇಕು? ಆರ್‌ಟಿಇ ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರ ಖಾಸಗಿ ಟ್ಯೂಷನ್‌ಗೆ ತಡೆ ಹಾಕಿದೆ. ಕೇಂದ್ರದ 2024ರ ಕೋಚಿಂಗ್ ಮಾರ್ಗಸೂಚಿ 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬೇಡಿ ಎನ್ನುತ್ತದೆ. ಹಣ ವಸೂಲಿಯ ಆಸೆ ಇರುವ ಪತ್ರವನ್ನು ಪಕ್ಕಕ್ಕಿಡಲು ಇಷ್ಟು ಸಾಕು. ಕಷ್ಟ ಇರುವುದು ಪ್ರಾಮಾಣಿಕವಾದ, ಉಚಿತವಾದ ಪತ್ರದಲ್ಲಿ. ಅದಕ್ಕೆ ಇಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಈಚೆಗೆ ಇಂಥ ಪತ್ರಗಳಿಗೆ ಇನ್ನಷ್ಟು ಬಲ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಎಸ್‌ಎಸ್‌ಎಲ್‌ಸಿ ಉತ್ತೀರ್ಣದ ಮಟ್ಟವನ್ನು ಶೇ 33ಕ್ಕೆ ಇಳಿಸಿತು. 625ಕ್ಕೆ 206 ಬರಬೇಕು, ಪ್ರತಿ ವಿಷಯದಲ್ಲಿ ಶೇ 30 ಇರಬೇಕು. ಇನ್ನೇನು, ನಾಲ್ಕು ಭಾನುವಾರ ಕೂರಿಸಿ 'ಪಾಸಿಂಗ್ ಪ್ಯಾಕೇಜ್' ಬಾಯಿಪಾಠ ಮಾಡಿಸಿದರೆ ದಡ ಸೇರಿದಂತೆ ಎಂಬುದು ಉತ್ಸಾಹಿಗಳ ಲೆಕ್ಕ. ಈ ಲೆಕ್ಕ ಹಾಕುವವರು 2024ನ್ನು ಮರೆತಿದ್ದಾರೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಆ ವರ್ಷ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಜಾರಿತು, ಅದೂ ಕೃಪಾಂಕ ಸುರಿದ ಮೇಲೆ.

ಯಾರೂ ನೋಡದ ಅಂಕಿ ಇರುವುದು ಬೇರೆಡೆ. ಅದು 8.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರಲ್ಲಿ ಪ್ರಥಮ್ ಸಂಸ್ಥೆ ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಶಾಲಾ ಅವಧಿಯ ಹೊರಗೆ ಉಚಿತ ಓದಿನ ತರಗತಿ ನಡೆಸಿತು. ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಅದನ್ನು ಅಳೆದು ನೋಡಿದರು. ಬಂದ ಮಕ್ಕಳು ನಿಜಕ್ಕೂ ಕಲಿತರು. ಅಕ್ಷರವೇ ಗೊತ್ತಿಲ್ಲದವರು ಅಕ್ಷರ ಗುರುತಿಸುವಂತಾದರು. ಆದರೆ ಬಂದವರು ಹಳ್ಳಿಯ ಮಕ್ಕಳಲ್ಲಿ ಶೇ 8 ಮಾತ್ರ. ಏನೂ ಓದಲು ಬಾರದ ಮಕ್ಕಳಲ್ಲಿ, ಅಂದರೆ ಯಾರಿಗಾಗಿ ಬಾಗಿಲು ತೆರೆದಿತ್ತೋ ಅವರಲ್ಲಿ, ಬಂದವರು ಶೇ 13. ಪಾಠ ಸೋಲಲಿಲ್ಲ, ಹಾಜರಿ ಸೋತಿತು.

ಅದು ಚಿಕ್ಕ ಮಕ್ಕಳ ಓದಿನ ಮಾತು, ಹತ್ತನೇ ತರಗತಿಗೆ ಪರೀಕ್ಷೆಯ ಭಯವಿದೆ, ಹಾಜರಿ ಹೆಚ್ಚಿರುತ್ತದೆ ಎಂದು ಹೇಳಬಹುದು. ಒಪ್ಪೋಣ. ಶೇ 8ರ ಬದಲು ಶೇ 40 ಬಂದರು ಎಂದೇ ಇಟ್ಟುಕೊಳ್ಳೋಣ. ಬಾರದ ಅರವತ್ತು ಮಂದಿ ಯಾರು?

ಈ ಐದು ತಾಲ್ಲೂಕುಗಳನ್ನು ಬಲ್ಲವರಿಗೆ ಉತ್ತರ ಹುಡುಕಬೇಕಿಲ್ಲ. ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಭಾನುವಾರವೆಂದರೆ ರಜೆಯಲ್ಲ, ಮನೆಯ ಇನ್ನೊಂದು ಆಳಿನ ದಿನ. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಅರಳುವ ಮುನ್ನ ಬಿಡಿಸಿ ಮುಗಿಸಬೇಕು, ಅದು ವಾರ ನೋಡುವುದಿಲ್ಲ. ಅಪ್ಪ ಅಮ್ಮ ಕಾಫಿ ಸೀಮೆಗೋ ಕಬ್ಬು ಕಡಿಯಲೋ ಗುಳೆ ಹೋದ ಮನೆಯ ಹುಡುಗಿ ಅಜ್ಜಿಯನ್ನೂ ತಮ್ಮನನ್ನೂ ನೋಡಿಕೊಂಡು ಉಳಿದಿರುತ್ತಾಳೆ. ಶಾಲೆಯ ದಿನ ಸಿಗುವ ಬಿಸಿಯೂಟ ಭಾನುವಾರ ಇಲ್ಲ. ಫೆಬ್ರುವರಿಯ ವಾರಾಂತ್ಯಗಳನ್ನು ಭರತ ಹುಣ್ಣಿಮೆ, ಮೈಲಾರದ ಕಾರಣಿಕ, ಉಚ್ಚಂಗಿದುರ್ಗದ ಜಾತ್ರೆ, ಅದರ ಬೆನ್ನಿಗೇ ಬರುವ ಕೊಟ್ಟೂರಿನ ತೇರು ತಿಂದುಹಾಕುತ್ತವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ವಾರಕ್ಕೆ ನಾಲ್ಕು ತಾಸಿನಂತೆ 16 ವಾರ, 64 ತಾಸು ಎಂದು ಪತ್ರ ಲೆಕ್ಕ ಕೊಟ್ಟರೆ ಅದು ಪೇಟೆಯ ಮಗುವಿನ ಲೆಕ್ಕ.

ಬಂದವರಿಗೆ ಏನು ಕಲಿಸುತ್ತಾರೆ ಎಂಬುದು ಎರಡನೆಯ ಮಾತು. ಒಂದು ಉದಾಹರಣೆ ಸಾಕು. ಸಮಾಂತರ ಶ್ರೇಢಿಯ ಮಾಮೂಲಿ ಲೆಕ್ಕ: ಮೊದಲ ಪದ 7, ಸಾಮಾನ್ಯ ವ್ಯತ್ಯಾಸ −3, ಹತ್ತನೇ ಪದ ಎಷ್ಟು? ಸೂತ್ರ ಎಲ್ಲರಿಗೂ ಬಾಯಲ್ಲಿದೆ. 7 + 9 × (−3) ಎಂದು ಸರಿಯಾಗಿಯೇ ಬರೆಯುತ್ತಾರೆ. ಉತ್ತರ −20. ಒಬ್ಬ 34 ಎಂದು ಬರೆದರೆ ಅವನು ಋಣ ಚಿಹ್ನೆಯನ್ನು ನುಂಗಿದ್ದಾನೆ. ಇನ್ನೊಬ್ಬಳು −48 ಎಂದು ಬರೆದರೆ ಅವಳು 7ಕ್ಕೆ 9 ಕೂಡಿಸಿ 16 ಮಾಡಿಕೊಂಡು ಆಮೇಲೆ ಗುಣಿಸಿದ್ದಾಳೆ. ಇಬ್ಬರಿಗೂ ಶ್ರೇಢಿ ಗೊತ್ತು. ಗೊತ್ತಿಲ್ಲದ್ದು ಆರು, ಏಳನೇ ತರಗತಿಯ ಪಾಠ. ಖಚಿತ ಮಾಡಿಕೊಳ್ಳಲು 7 + 9 × 3 ಮಾತ್ರ ಕೊಟ್ಟು ನೋಡಬೇಕು. 48 ಬಂದರೆ ಶ್ರೇಢಿಯನ್ನು ಹತ್ತು ಭಾನುವಾರ ಹೇಳಿಕೊಟ್ಟರೂ ಅವಳು ಅಲ್ಲೇ ಎಡವುತ್ತಾಳೆ. ಪಾಸಿಂಗ್ ಪ್ಯಾಕೇಜ್ ಈ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಥೇಲ್ಸ್ ಪ್ರಮೇಯವನ್ನು ಮತ್ತೆ ಬರೆಸುತ್ತದೆ.

ಅದೇ ಪ್ರಥಮ್ ಮುಂಬೈ, ವಡೋದರಾಗಳಲ್ಲಿ ನಡೆಸಿದ 'ಬಾಲಸಖಿ' ಪ್ರಯೋಗವನ್ನು ಜೌನ್‌ಪುರದ ಪಕ್ಕದಲ್ಲಿಟ್ಟು ನೋಡಬೇಕು. ಊರಿನದೇ ಯುವತಿ, ಹಿಂದುಳಿದ 15-20 ಮಕ್ಕಳು, ದಿನಕ್ಕೆ ಎರಡು ತಾಸು. ಅಲ್ಲಿ ಗಣಿತವೂ ಸುಧಾರಿಸಿತು, ಹೆಚ್ಚು ಲಾಭವಾದದ್ದು ತೀರ ಕೆಳಗಿದ್ದ ಮಕ್ಕಳಿಗೆ. ಸಖಿಯ ಪಾಠ ನಡೆದದ್ದು ಶಾಲೆಯ ಅವಧಿಯೊಳಗೇ, ಹಾಜರಿ ಕರೆದ ಮೇಲೆ, ಮಗು ಹೇಗೂ ಅಲ್ಲಿದ್ದಾಗ. ಶಾಲಾ ಅವಧಿಯಲ್ಲಿ ಹೊರಗಿನವರನ್ನು ಬಿಟ್ಟುಕೊಳ್ಳುವುದು ಮುಖ್ಯ ಶಿಕ್ಷಕರಿಗೆ ತಲೆನೋವು, ಸಿಲಬಸ್ ಮುಗಿಸುವ ಒತ್ತಡವೂ ಇದೆ. ಭಾನುವಾರದ ಕೊಠಡಿ ಕೊಡುವುದು ಸುಲಭ. ಸುಲಭವಾದ್ದರಿಂದಲೇ ಅದು ಎಲ್ಲರಿಗೂ ಇಷ್ಟ.

ಹಾಗಾಗಿ ಮುಖ್ಯ ಶಿಕ್ಷಕರು ಪತ್ರಕ್ಕೆ ಬರೆಯಬೇಕಾದ ಉತ್ತರ ಚಿಕ್ಕದು. ಮೊದಲು ಒಂದು ಸೋಮವಾರ ಬನ್ನಿ; ತರಗತಿಯ ಎಲ್ಲರಿಗೂ ಭಾಗಾಕಾರ, ಭಿನ್ನರಾಶಿ, ಋಣ ಸಂಖ್ಯೆ, ಕ್ರಿಯೆಗಳ ಕ್ರಮ, ತಲಾ ಎರಡರಂತೆ ಎಂಟು ಲೆಕ್ಕ ಕೊಡಿ. ನಾಲ್ಕಕ್ಕಿಂತ ಕಡಿಮೆ ಸರಿ ಮಾಡಿದವರ ಹೆಸರಿನ ಪಟ್ಟಿ ಮಾಡಿ. ಅವರಿಗೆ ವಾರದಲ್ಲಿ ಮೂರು ದಿನ ಕೊನೆಯ ಪೀರಿಯಡ್, ಗಣಿತ ಶಿಕ್ಷಕರ ಜೊತೆಗೇ ಕೂತು ಹೇಳಿಕೊಡಿ. ಮೇಲಿನವರು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಭಾನುವಾರ ಬೇಕಾದರೆ ಬರಲಿ.

ಭಾನುವಾರವೇ ಆಗಬೇಕು ಎಂದು ಪತ್ರ ಬರೆದವರು ಹಟ ಹಿಡಿದರೆ ಷರತ್ತೂ ಅದೇ ಪಟ್ಟಿಯಲ್ಲಿದೆ. ಒಟ್ಟು ಎಷ್ಟು ಮಕ್ಕಳು ಬಂದರು ಎಂಬ ಫೋಟೊ ಬೇಡ. ಪಟ್ಟಿಯಲ್ಲಿ 24 ಹೆಸರಿದ್ದರೆ ನಾಲ್ಕನೇ ಭಾನುವಾರ ಅವರಲ್ಲಿ ಎಷ್ಟು ಜನ ಕೂತಿದ್ದರು ಎಂದು ತೋರಿಸಲಿ; 12 ದಾಟದಿದ್ದರೆ ಬೀಗದ ಕೈ ಸೋಮವಾರ ಬೆಳಿಗ್ಗೆ ಆಫೀಸಿಗೆ ವಾಪಸ್ ಬರಲಿ.