ಬೋರ್ ಓಡಿಸುವ ಸೋಲಾರ್ ಗಿರಣಿಯನ್ನೂ ಓಡಿಸುತ್ತಾ?

ತ್ಯಾವಣಿಗೆ ಸುತ್ತಮುತ್ತ ಸೋಲಾರ್ ಅಂದ್ರೆ ಮೊದಲು ನೆನಪಾಗೋದು ಬೋರ್‌ವೆಲ್. ಹಾಗಾಗಿ ಹಿಟ್ಟಿನ ಗಿರಣಿ ಇಟ್ಟವರೂ, ವರ್ಕ್‌ಶಾಪ್ ಇಟ್ಟವರೂ ಕೇಳುವ ಪ್ರಶ್ನೆ ಒಂದೇ: ‘ಬೋರ್ ಓಡುತ್ತೆ ಅಂದ್ಮೇಲೆ ನಮ್ಮ ಮೋಟರ್ ಯಾಕೆ ಓಡಲ್ಲ?’ ಓಡುತ್ತೆ. ಆದರೆ ಪ್ಯಾನೆಲ್ ಎಷ್ಟು ಅನ್ನೋದಕ್ಕಿಂತ ಮೊದಲು ಮೋಟರ್ ಸ್ಟಾರ್ಟ್ ಆಗೋದು ಹೇಗೆ ಅಂತ ನೋಡಬೇಕು ಅನ್ನೋದು ನಮ್ಮ ಅಭಿಪ್ರಾಯ. ಸಾಲ ಮಾಡಿ ತಂದ ಇನ್ವರ್ಟರ್ ಮೂಲೆ ಸೇರೋದು ಹೆಚ್ಚಾಗಿ ಈ ವಿಷಯದಲ್ಲೇ.

7.5 ಎಚ್‌ಪಿ ತ್ರೀ ಫೇಸ್ ಮೋಟರ್ ಇರುವ ಗಿರಣಿಯ ಲೆಕ್ಕ ನೋಡೋಣ. ಪೂರ್ತಿ ಲೋಡಿನಲ್ಲಿ ಅದು ಎಳೆಯೋದು ಸುಮಾರು 11 ಆಂಪಿಯರ್. ನಿಂತ ಮೋಟರಿಗೆ ನೇರವಾಗಿ ಕರೆಂಟು ಕೊಟ್ಟರೆ ಒಂದೆರಡು ಸೆಕೆಂಡು ಅದರ ಆರು ಪಟ್ಟು, ಅಂದರೆ 66 ಆಂಪಿಯರ್ ಎಳೆಯುತ್ತೆ. ಕೆವಿಎ ಲೆಕ್ಕದಲ್ಲಿ ಅದು ಸುಮಾರು 47. ಲೈನಿನ ಟ್ರಾನ್ಸ್‌ಫಾರ್ಮರ್ ಇದನ್ನು ತಡೆದುಕೊಳ್ಳುತ್ತೆ. 10 ಕೆವಿಎ ಇನ್ವರ್ಟರ್ ತಡೆಯಲ್ಲ, ಮೋಟರ್ ಒಮ್ಮೆ ಗುಂಯ್ ಅಂದ ಕೂಡಲೇ ಟ್ರಿಪ್ ಆಗುತ್ತೆ. ಇನ್ವರ್ಟರ್ ಕ್ಷಣಕಾಲ ಎರಡು ಪಟ್ಟು ಕೊಡುತ್ತೆ ಅಂದುಕೊಂಡರೂ 24 ಕೆವಿಎಯದ್ದು ಬೇಕು. ಎರಡು ಸೆಕೆಂಡಿನ ಕೆಲಸಕ್ಕೆ ಅಷ್ಟು ದೊಡ್ಡ ಇನ್ವರ್ಟರ್, ಜೊತೆಗೆ ಬ್ಯಾಟರಿ!

ಸ್ಟಾರ್ ಡೆಲ್ಟಾ ಸ್ಟಾರ್ಟರ್ ಹಾಕಿದರೆ ಈ ಕರೆಂಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ನಿಜ. ಆದರೆ ಮೋಟರ್ ತಿರುಗಿಸುವ ಬಲವೂ ಅಷ್ಟೇ ಇಳಿಯುತ್ತೆ. ಕಲ್ಲುಗಳ ನಡುವೆ ಕಾಳು ಉಳಿದಿದ್ದರೆ ಮೋಟರ್ ಏಳೋದೇ ಇಲ್ಲ.

ಇದಕ್ಕೆ ಸರಿಯಾದ ದಾರಿ ವಿಎಫ್‌ಡಿ ಡ್ರೈವ್. ಸೋಲಾರ್ ಬೋರಿನ ಪೆಟ್ಟಿಗೆಯೊಳಗೆ ಇರೋದೂ ಇದೇ ಜಾತಿಯದು. ಇದು 50 ಹರ್ಟ್ಸ್ ಕರೆಂಟನ್ನು ಒಂದೇ ಸಲ ಕೊಡಲ್ಲ. ಕೆಲವೇ ಹರ್ಟ್ಸ್‌ನಿಂದ ಶುರುಮಾಡಿ, ವೋಲ್ಟೇಜನ್ನೂ ಜೊತೆಗೇ ಏರಿಸುತ್ತಾ, ಹತ್ತು ಹದಿನೈದು ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ತರುತ್ತೆ. ಸ್ಟಾರ್ಟಿಂಗ್ ಕರೆಂಟು ಮಾಮೂಲಿಯ ಒಂದೂವರೆ ಪಟ್ಟಿನೊಳಗೇ ಉಳಿಯುತ್ತೆ. ಬ್ಯಾಟರಿಯೂ ಬೇಡ.

ಹಾಗಂತ ಬೋರಿನ ಡ್ರೈವನ್ನೇ ಕಿತ್ತು ಗಿರಣಿಗೆ ಹಾಕಿದರೆ ನಡೆಯಲ್ಲ. ಮೋಡ ಬಂದಾಗ ಡ್ರೈವ್ ವೇಗ ಇಳಿಸುತ್ತೆ. ಪಂಪಿನ ವೇಗ ಐದರಲ್ಲಿ ಒಂದು ಪಾಲು ಇಳಿದರೆ ಅದಕ್ಕೆ ಬೇಕಾದ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ. ನೀರು ಕಡಿಮೆ ಬರುತ್ತೆ, ಅಷ್ಟೇ. ಬೀಸುವ ಕಲ್ಲು ಹಾಗಲ್ಲ. ವೇಗ ಇಳಿದರೂ ಅದನ್ನು ತಿರುಗಿಸಲು ಬೇಕಾದ ಬಲ ಹಾಗೇ ಇರುತ್ತೆ. ಬಿಸಿಲು ಇನ್ನೂ ಇಳಿದರೆ ಕಲ್ಲು ಕಾಳು ಕಚ್ಚಿಕೊಂಡು ನಿಲ್ಲುತ್ತೆ. ಮೋಟರಿನ ಫ್ಯಾನೂ ನಿಧಾನವಾಗಿರೋದರಿಂದ ಮೋಟರ್ ಕಾಯುತ್ತೆ. ಗಿರಣಿಯ ಸದ್ದು ದಪ್ಪಗಾಗಿ ಹಿಟ್ಟು ತರಿತರಿಯಾಗಿ ಬಂದರೆ ಅದೇ ಸೂಚನೆ, ಕೂಡಲೇ ಮೇಲಿನ ಕಾಳಿನ ಬಾಗಿಲು ಮುಚ್ಚಿ.

ಹಾಗಾಗಿ 7.5 ಎಚ್‌ಪಿ ಗಿರಣಿಗೆ ಒಂದು ಸೈಜ್ ದೊಡ್ಡದು, 10 ಎಚ್‌ಪಿ ಡ್ರೈವ್ ತಗೊಳ್ಳಿ. ವೇಗ ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಉದಾಹರಣೆಗೆ 35 ಹರ್ಟ್ಸ್‌ಗೆ, ತಾನೇ ನಿಲ್ಲುವಂತೆ ಸೆಟ್ ಮಾಡಿಸಿ. ಯಾವಾಗಲೂ ಕಲ್ಲು ಖಾಲಿ ಇಟ್ಟೇ ಸ್ಟಾರ್ಟ್ ಮಾಡಿ, ಪೂರ್ತಿ ವೇಗ ಬಂದ ಮೇಲೆ ಕಾಳು ಬಿಡಿ. ಹಳೇ ಸ್ಟಾರ್ಟರನ್ನು ಡ್ರೈವ್ ಮತ್ತು ಮೋಟರಿನ ನಡುವೆ ಉಳಿಸಬಾರದು, ಡ್ರೈವ್ ಸುಟ್ಟುಹೋಗುತ್ತೆ.

ಇನ್ನು ಪ್ಯಾನೆಲ್. ಈ ಮೋಟರ್ ಪೂರ್ತಿ ಲೋಡಿನಲ್ಲಿ ಸುಮಾರು 6.4 ಕಿಲೋವ್ಯಾಟ್ ಎಳೆಯುತ್ತೆ. ಬಿಸಿಲಿನ ಕಾವು, ಧೂಳು ಸೇರಿದರೆ ಪ್ಯಾನೆಲ್ ತನ್ನ ಮೇಲೆ ಬರೆದಿರುವುದರಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಕೊಟ್ಟೀತು. ಆದ್ದರಿಂದ 540 ವ್ಯಾಟಿನ 15 ಪ್ಯಾನೆಲ್, ಅಂದರೆ 8.1 ಕಿಲೋವ್ಯಾಟ್ ಬೇಕು. ಇವನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ ಸುಮಾರು 600 ವೋಲ್ಟ್ ಡಿಸಿ ಸಿಗುತ್ತೆ. 415 ವೋಲ್ಟಿನ ಮೋಟರಿಗೆ ಬೇಕಾದದ್ದೂ ಹತ್ತಿರ ಹತ್ತಿರ ಅಷ್ಟೇ. ಈ ಡಿಸಿ ಪ್ರಾಣಕ್ಕೇ ಅಪಾಯ, ಗೊತ್ತಿರುವ ಎಲೆಕ್ಟ್ರಿಷಿಯನ್ ಬಿಟ್ಟು ಬೇರೆಯವರು ಕೈ ಹಾಕಬಾರದು.

ಇಷ್ಟಾದರೂ ಪೂರ್ತಿ ಲೋಡಿಗೆ ಸಾಲುವಷ್ಟು ಶಕ್ತಿ ಸಿಗೋದು ಬಿಸಿಲು ಚೆನ್ನಾಗಿರುವ ನಡುಮಧ್ಯಾಹ್ನದ ಹೊತ್ತಲ್ಲಿ ಮಾತ್ರ. ಗಿರಾಕಿಗಳು ಬೆಳಗ್ಗೆ, ಸಂಜೆಯೂ ಬರ್ತಾರೆ. ಅದಕ್ಕೇ ಪ್ಯಾನೆಲ್ ಮತ್ತು ಲೈನ್ ಎರಡರಿಂದಲೂ ಓಡುವ ಡ್ರೈವ್ ತಗೊಳ್ಳೋದು ಒಳ್ಳೇದು. ಹೆಚ್ಚುವರಿ ಕರೆಂಟನ್ನು ಲೈನಿಗೆ ಬಿಡುವ ಗ್ರಿಡ್ ಇನ್ವರ್ಟರ್ ಬಿಲ್ ಇಳಿಸುತ್ತೆ, ಸ್ಟಾರ್ಟಿಂಗ್ ಹೊರೆಯನ್ನು ಲೈನೇ ಹೊರುತ್ತೆ. ಆದರೆ ಲೈನ್ ಹೋದರೆ ಅದೂ ನಿಲ್ಲುತ್ತೆ. ನಿಮ್ಮ ತೊಂದರೆ ಬಿಲ್ಲಿನದ್ದೋ, ಕರೆಂಟು ಹೋಗೋದೋ, ಮೊದಲು ತೀರ್ಮಾನ ಮಾಡಿ.

ಮಾರುವವರು ಕೊಟೇಷನ್ನಿನಲ್ಲಿ ಕಿಲೋವ್ಯಾಟ್, ಸಬ್ಸಿಡಿ ಎರಡನ್ನೇ ಬರೆದುಕೊಟ್ಟರೆ ಸಾಲದು. ಮೋಟರಿನ ಎಚ್‌ಪಿ ಎಷ್ಟು, ಅದನ್ನು ಸ್ಟಾರ್ಟ್ ಮಾಡುವ ವಿಧಾನ ಯಾವುದು, ಮೋಡ ಬಂದಾಗ ಏನಾಗುತ್ತೆ ಅನ್ನೋದನ್ನೂ ಬರೆಯಲಿ. ಬರೆಯದಿದ್ದರೆ ಮುಂಗಡ ಕೊಡಬೇಡಿ. ಬರೆದರೂ, ನಿಮ್ಮದೇ ಗಿರಣಿಯಲ್ಲಿ ನಿಮ್ಮದೇ ಜೋಳ ಹಾಕಿ ಬೀಸಿ ತೋರಿಸಿದ ಮೇಲೆ ಉಳಿದ ಹಣ ಕೊಡಿ.