'ಬರೀ 2%' ಅನ್ನೋರಿಗೆ (ಭಾಗ 3)

ಕ್ಲಾಸಲ್ಲಿ ಕ್ಯಾಶ್ ಡಿಸ್ಕೌಂಟ್ ಮಾತು ಬಂದಾಗ ಅರ್ಧ ಜನ ಒಂದೇ ಉತ್ತರ ಕೊಟ್ರಿ: "ಬ್ಯಾಂಕ್ ಬಡ್ಡಿ 12%, ಡಿಸ್ಕೌಂಟ್ ಬರೀ 2%. ಕೊಟ್ಬಿಡೋದೇ ಲಾಭ." ತಪ್ಪು ಕಣ್ರೋ. ಆ 12% ಇಡೀ ವರ್ಷದ್ದು, ಈ 2% ಕೆಲವೇ ದಿನದ್ದು.

ಒಂದು ಸಣ್ಣ ಅಗರಬತ್ತಿ ಘಟಕ ಅಂದ್ಕೊಳ್ಳಿ. ಡೀಲರ್‌ಗೆ 1,00,000 ರೂಪಾಯಿ ಬಿಲ್, 45 ದಿನ ಗಡುವು. 10 ದಿನದೊಳಗೆ ಕಟ್ಟಿದ್ರೆ 2% ಕಡಿತ. ಅಂದ್ರೆ 98,000 ರೂಪಾಯಿ 35 ದಿನ ಮೊದಲೇ ಕೈಗೆ ಬರಲಿ ಅಂತ ಮಾಲೀಕ 2,000 ಬಿಟ್ಟುಕೊಡ್ತಾನೆ. ಅಷ್ಟೇ ದುಡ್ಡನ್ನ 12% ಓಡಿಯಲ್ಲಿ 35 ದಿನಕ್ಕೆ ತಗೊಂಡಿದ್ರೆ ಬಡ್ಡಿ ಸುಮಾರು 1,128. (ಓಡಿ ಮಿತಿ ಉಳಿದಿದ್ರೆ ಮಾತ್ರ. ಕೈಸಾಲಕ್ಕೆ ಅಲೆಯೋನ ಲೆಕ್ಕವೇ ಬೇರೆ.) ಆ ಡಿಸ್ಕೌಂಟನ್ನ ವರ್ಷದ ಬಡ್ಡಿಯಾಗಿ ನೋಡಿದ್ರೆ 21% ದಾಟುತ್ತೆ!

"ಹೇಳಿದ 45ಕ್ಕೆ ಯಾವ ಡೀಲರ್ ಕಟ್ತಾನೆ?" ಅಂತೀರಾ? ಸರಿಯಾದ ಪ್ರಶ್ನೆ. ಅವನು 75ನೇ ದಿನ ಕಟ್ಟೋ ಆಸಾಮಿ ಆದ್ರೆ 65 ದಿನದ ಓಡಿ ಬಡ್ಡಿ ಸುಮಾರು 2,094. ಆಗ 2% ಕೊಡೋದು ನಷ್ಟವಲ್ಲ. ಅದಕ್ಕೇ ಬಿಲ್ ಮೇಲಿನ ಗಡುವು ಬಿಡಿ, ಲೆಡ್ಜರ್ ತೆಗೆದು ಅವನು ನಿಜಕ್ಕೂ ಯಾವತ್ತು ಕಟ್ತಾನೆ ನೋಡಿ. ಹೇಗೂ 20ನೇ ದಿನಕ್ಕೇ ಕಟ್ಟೋನಿಗೆ 2% ಕೊಟ್ರೆ ಅದು ದಾನ.

ಇನ್ನು 25ನೇ ದಿನ ಕಟ್ಟಿ, ಆಮೇಲೂ 2,000 ಮುರ್ಕೊಂಡು ಕಳಿಸೋನು ಇರ್ತಾನಲ್ಲ, ಅವನ ಖಾತೆಯಲ್ಲಿ ಆ 2,000 ಬಾಕಿ ಅಂತಲೇ ಬರೀರಿ. ಮುಂದಿನ ಲೋಡ್ ಕೇಳೋಕೆ ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳಿ.