ವಾರ್ಡನರಿಗೊಂದು ವಿಜ್ಞಾಪನೆ

ವಿದ್ಯಾರ್ಥಿನೀ ನಿಲಯವೊಂದರಲ್ಲಿರುವ ನಮ್ಮ ವಾಚಕಿಯೊಬ್ಬರು ತಮ್ಮ ವಾರ್ಡನರಿಗೆ ಬರೆದ ಕಾಗದದ ನಕಲನ್ನು ನಮಗೆ ಕಳುಹಿಸಿ, ತಪ್ಪಿದ್ದರೆ ತಿದ್ದಬೇಕೆಂದು ಕೇಳಿರುವರು. ತಿದ್ದತಕ್ಕದ್ದು ಹೆಚ್ಚಾಗಿ ಕಾಣದುದರಿಂದ ಅದರ ಮುಖ್ಯಭಾಗವನ್ನೇ ಇಲ್ಲಿ ಕೊಡುವೆವು.

“ಪೂಜ್ಯರಾದ ವಾರ್ಡನ್ ಅಮ್ಮನವರಲ್ಲಿ ವಿಜ್ಞಾಪನೆ. ನಮ್ಮ ಕೊಠಡಿಯಲ್ಲಿ ಮೂವರಿಗೆ ಗೋಡೆಯ ಪ್ಲಗ್ಗು ಒಂದೇ. ಅದೂ 6 ಆಂಪಿಯರಿನದು. ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಆ ಬೋರ್ಡಿಗೆ ಇನ್ನೊಂದು. ಬೆಳಗಿನ ಹೊತ್ತು 1500 ವ್ಯಾಟಿನ ಕೆಟಲೂ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯೂ ಒಟ್ಟಿಗೆ ಉರಿಯುತ್ತವೆ. ಬೋರ್ಡಿನ ತಂತಿ ಕೈಗೆ ಬಿಸಿಯಾಗಿ ತಗಲುವುದು. ಪ್ಲಗ್ಗಿನ ಸುತ್ತ ಕಂದುಬಣ್ಣ ಹತ್ತಿದೆ. ಬಚ್ಚಲಿನ ಹಾದಿಯಲ್ಲಿ ಎರಡು ಸ್ವಿಚ್ಚುಗಳಿಗೆ ಮುಚ್ಚಳವಿಲ್ಲ. ಒದ್ದೆಗೈಯವರೇ ಅವನ್ನು ಮುಟ್ಟುವವರು.”

ಲೆಕ್ಕವನ್ನು ನಾವು ಮಾಡಿ ನೋಡಿದೆವು. ಒಟ್ಟು 2500 ವ್ಯಾಟನ್ನು ನಮ್ಮ ಮನೆಗಳಿಗೆ ಬರುವ 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 11 ಆಂಪಿಯರಾಗುವುದು. ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುವುದೆಂಬುದು ನಿಯಮ. ಈ ಲೆಕ್ಕದಂತೆ 6 ಆಂಪಿಯರಿನಲ್ಲಿ ಹುಟ್ಟುವ ಶಾಖದ ಮೂರು ಪಟ್ಟಿಗೂ ಮಿಕ್ಕ ಶಾಖ ಆ ಬಡ ಬೋರ್ಡಿನಲ್ಲಿ ಹುಟ್ಟುತ್ತಿದೆ. ಪ್ಲಗ್ಗಿನ ಹಿಡಿತ ಸಡಿಲವಾಗಿದ್ದರೆ ಆ ಸಂಧಿಯೇ ಮೊದಲು ಕಾಯುವುದು. ಕಂದುಬಣ್ಣವು ಅದರ ಗುರುತು.

“ಮಿತಿಮೀರಿದರೆ ಎಂಸಿಬಿ ತಾನೇ ಬೀಳುವುದಲ್ಲ” ಎಂದು ವಾರ್ಡನರು ಹೇಳಬಹುದು. ಆದರೆ ಎಂಸಿಬಿಯು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಅದು 16 ಆಂಪಿಯರಿನದಾಗಿದ್ದರೆ 11 ಆಂಪಿಯರು ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊರಗೆ ಮಂಚದಡಿಯಲ್ಲಿ ಬೋರ್ಡಿನ ತೆಳುತಂತಿ ಕರಗುತ್ತಿದ್ದರೂ ಅದು ಸುಮ್ಮನಿರುವುದು. ಪದೇ ಪದೇ ಬೀಳುವುದೆಂದು ಇನ್ನೂ ದೊಡ್ಡದನ್ನು ಹಾಕಿಸುವವರುಂಟು. ಅವರು ಗೋಡೆಯ ತಂತಿಗಿದ್ದ ಕಾವಲನ್ನೂ ತೆಗೆದಂತಾಯಿತು.

ಮುಚ್ಚಳದ ಮಾತು ಇನ್ನೂ ಗಹನವಾದುದು. ಸ್ವಿಚ್ಚನ್ನು ಆರಿಸಿದರೆ ದೀಪ ಆರುವುದು ನಿಜ. ಆದರೆ ಫೇಸ್ ತಂತಿ ಬಂದು ಸೇರುವ ತಿರುಪಿನಲ್ಲಿ ವಿದ್ಯುತ್ತು ಆಗಲೂ ಇದ್ದೇ ಇರುವುದು. ಮುಚ್ಚಳವಿಲ್ಲದಲ್ಲಿ ಬೆರಳಿಗೆ ತಗಲುವುದು ಅದೇ ತಿರುಪು. ಅಂಟುಪಟ್ಟಿ ಸುತ್ತುವುದು ಪರಿಹಾರವಲ್ಲ, ಬಚ್ಚಲಿನ ಹಬೆಗೆ ಅದು ಬಿಟ್ಟುಕೊಳ್ಳುವುದು. ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ನೋಡಿ, ಹೊಸ ಮುಚ್ಚಳವನ್ನು ತಿರುಪಿನಿಂದ ಬಿಗಿಯಬೇಕು. ಇದು ಎಲೆಕ್ಟ್ರಿಷಿಯನನಿಗೆ ಅರ್ಧ ಗಳಿಗೆಯ ಕೆಲಸ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಮೈಮೂಲಕ ನೆಲಕ್ಕೆ ಹರಿಯುವ ವಿದ್ಯುತ್ತನ್ನು ಕಂಡು ಅದು ಕಡಿದುಹಾಕುವುದು. ಬೋರ್ಡು ಕಾಯುವುದನ್ನು ಮಾತ್ರ ಅದು ಕಾಣಲಾರದು.

ಪತ್ರದ ಕೊನೆಯಲ್ಲಿ ಆ ಹುಡುಗಿಯರು ಕೇಳಿರುವುದು ಇಷ್ಟು: “ಕೆಟಲನ್ನು ನಿಷೇಧಿಸಬೇಡಿರಿ. ಪಡಸಾಲೆಯಲ್ಲಿ 16 ಆಂಪಿಯರಿನ ಎರಡು ಪ್ಲಗ್ಗುಗಳನ್ನು, ಒಂದೊಂದಕ್ಕೂ ಬೇರೆ ಬೇರೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ಹಾಕಿಸಿಕೊಡಿರಿ. ಕೊಠಡಿಯ ಬೋರ್ಡಿನಲ್ಲಿ ಮೊಬೈಲು, ದೀಪಗಳಷ್ಟೇ ಉಳಿಯಲಿ.” ನಿಷೇಧಿಸಿದರೆ ಕೆಟಲು ಪೆಟ್ಟಿಗೆಯೊಳಗೆ ಹೋಗುವುದೇ ಹೊರತು ಮನೆಗೆ ಹೋಗದೆಂಬುದು ನಮಗೂ ತಿಳಿದದ್ದೇ. ವಾರ್ಡನರ ಉತ್ತರ ಬಂದೊಡನೆ ಇಲ್ಲಿಯೇ ಅಚ್ಚುಹಾಕುವೆವು.